ಒಂದೇ ಗೋದಾಮು, ನಾಲ್ಕು ಲಾಭ

ಕಾಫಿ ಬೀಜದ ಬೆಲೆ ಏರುತ್ತಿರುವ ಒಂದು ತಿಂಗಳು. ಹಾಸನದ ಒಬ್ಬ ವ್ಯಾಪಾರಿ ಕ್ಯೂರಿಂಗ್ ಆದ ರೊಬಸ್ಟಾ ಬೀಜವನ್ನು ಮೂರು ಕಂತಿನಲ್ಲಿ ಕೊಂಡರು ಎಂದುಕೊಳ್ಳಿ. ಏಪ್ರಿಲ್ 5ರಂದು 1,000 ಕೆ.ಜಿ., ಕೆ.ಜಿ.ಗೆ 300 ರೂಪಾಯಿ. 15ರಂದು ಇನ್ನೊಂದು ಸಾವಿರ ಕೆ.ಜಿ., 360 ರೂಪಾಯಿ. 25ರಂದು ಮತ್ತೆ ಸಾವಿರ ಕೆ.ಜಿ., ಈಗ 420 ರೂಪಾಯಿ. ನಡುವೆ 10ನೇ ತಾರೀಖು 500 ಕೆ.ಜಿ., 28ನೇ ತಾರೀಖು 1,500 ಕೆ.ಜಿ. ಮಾರಿದರು. ಎರಡೂ ಸಲ ಮಾರಿದ ದರ 450 ರೂಪಾಯಿ. ಲೆಕ್ಕ ಸುಲಭವಾಗಲೆಂದು ದರಗಳನ್ನು ನಾನೇ ಇಟ್ಟಿದ್ದೇನೆ. ಆದರೆ 2024ರಲ್ಲಿ ರೊಬಸ್ಟಾ ಬೆಲೆ ಏರಿದ ರೀತಿಯನ್ನು ಕಂಡವರಿಗೆ ಈ ಏರಿಕೆ ಅತಿಯೆನಿಸಲಾರದು.

ತಿಂಗಳ ಕೊನೆಗೆ ಗೋದಾಮಿನಲ್ಲಿ 1,000 ಕೆ.ಜಿ. ಉಳಿದಿದೆ. ಮಾರಾಟದಿಂದ ಬಂದದ್ದು 9 ಲಕ್ಷ ರೂಪಾಯಿ. ಖರೀದಿಗೆ ಹಾಕಿದ್ದು ಒಟ್ಟು 10 ಲಕ್ಷ 80 ಸಾವಿರ. ಇಷ್ಟರಲ್ಲಿ ಯಾರಿಗೂ ಅನುಮಾನವಿಲ್ಲ. ಬಿಲ್ಲುಗಳಿವೆ, ತೂಕದ ಚೀಟಿಗಳಿವೆ. ಈಗ ಅವರ ಕಂಪ್ಯೂಟರನ್ನು ಕೇಳಿ: ಏಪ್ರಿಲ್ ತಿಂಗಳ ಲಾಭ ಎಷ್ಟು? ಉತ್ತರ 2,40,000 ಇರಬಹುದು, 1,92,000 ಇರಬಹುದು, 1,80,000 ಅಥವಾ 1,60,000 ಕೂಡ ಇರಬಹುದು. ನಾಲ್ಕರಲ್ಲಿ ಯಾವುದರಲ್ಲೂ ಕೂಡುವ ಕಳೆಯುವ ತಪ್ಪಿಲ್ಲ.

ಇದು ಹೇಗೆಂದು ತಿಳಿಯಲು ಒಂದು ಮಾತನ್ನು ಹಿಡಿದುಕೊಂಡರೆ ಸಾಕು. ಖರೀದಿಯ 10,80,000 ರೂಪಾಯಿ ಎರಡು ಕಡೆ ಹಂಚಿಹೋಗಬೇಕು. ಮಾರಿಹೋದ 2,000 ಕೆ.ಜಿ.ಯ ಅಸಲು ಲಾಭ-ನಷ್ಟ ಖಾತೆಗೆ ಖರ್ಚಾಗಿ ಹೋಗುತ್ತದೆ. ಉಳಿದ 1,000 ಕೆ.ಜಿ.ಯ ಅಸಲು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯಾಗಿ ಕೂರುತ್ತದೆ. ಬೀಜದ ರಾಶಿಯಲ್ಲಿ ಯಾವ ಕಾಳು 300ರದು, ಯಾವುದು 420ರದು ಎಂದು ಗುರುತಿಸಲು ಬರುವುದಿಲ್ಲ. ಹಾಗಾಗಿ ಹಂಚಿಕೆಗೆ ಒಂದು ಪದ್ಧತಿ ಬೇಕು. ಆಸ್ತಿಯ ಕಡೆ ಹೆಚ್ಚು ಉಳಿಸಿದರೆ ಖರ್ಚು ಕಡಿಮೆ, ಲಾಭ ಹೆಚ್ಚು. ಆಸ್ತಿಯ ಕಡೆ ಕಡಿಮೆ ಉಳಿಸಿದರೆ ಲಾಭವೂ ಕಡಿಮೆ. ದಾಸ್ತಾನಿನ ಮೌಲ್ಯಮಾಪನ ಎಂಬ ವಿಷಯದ ಹುರುಳು ಇಷ್ಟೇ. ಈ ಹಂಚಿಕೆಯನ್ನು ಇಆರ್‌ಪಿ ತಂತ್ರಾಂಶ ಪ್ರತಿ ವೋಚರಿಗೂ ತಾನೇ ಮಾಡುತ್ತಾ ಹೋಗುತ್ತದೆ. ಅದು ಯಾವ ಪದ್ಧತಿಯಲ್ಲಿ ಮಾಡುತ್ತಿದೆ ಎನ್ನುವುದು ಎಷ್ಟೋ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ತಂತ್ರಾಂಶ ಅಳವಡಿಸಿದ ದಿನ ಯಾರೋ ಒಂದು ಆಯ್ಕೆ ಒತ್ತಿರುತ್ತಾರೆ, ಅದೇ ಮುಂದುವರಿದಿರುತ್ತದೆ.

ಮೊದಲು ಫಿಫೊ. ಮೊದಲು ಬಂದ ಸರಕೇ ಮೊದಲು ಹೋಯಿತು ಎಂದು ಭಾವಿಸುವ ಪದ್ಧತಿ ಇದು. ನಮ್ಮ ವ್ಯಾಪಾರಿ ಮಾರಿದ 2,000 ಕೆ.ಜಿ.ಯಲ್ಲಿ ಮೊದಲ ಸಾವಿರಕ್ಕೆ 300ರ ದರ, ಎರಡನೆಯ ಸಾವಿರಕ್ಕೆ 360ರ ದರ. ಒಟ್ಟು ಅಸಲು 6,60,000. ಉಳಿದದ್ದೆಲ್ಲ ಕೊನೆಯ ಕಂತಿನದು, 420ರ ದರದಲ್ಲಿ 4,20,000. ಲಾಭ 2,40,000. ತಂತ್ರಾಂಶದ ಒಳಗೆ ಪ್ರತಿ ಖರೀದಿಯೂ ತನ್ನ ದರದೊಂದಿಗೆ ಒಂದು ಪದರವಾಗಿ ದಾಖಲಾಗಿರುತ್ತದೆ. ಮಾರಾಟ ಬಂದಾಗಲೆಲ್ಲ ಹಳೆಯ ಪದರದಿಂದ ಕರಗಿಸುತ್ತಾ ಬರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಫಿಫೊ ಆಯ್ದುಕೊಂಡರೆ ಗೋದಾಮಿನವನು ಹಳೆಯ ಮೂಟೆಯನ್ನೇ ಮೊದಲು ಎತ್ತಿಕೊಡಬೇಕು ಎಂದು ಅನೇಕರು ಭಾವಿಸುತ್ತಾರೆ. ಹಳೆಯ ಮೂಟೆ ಮೊದಲು ಹೋಗುವುದು ಒಳ್ಳೆಯದೇ, ಬೀಜ ಕೆಡುವುದಿಲ್ಲ. ಆದರೆ ಅದು ಗೋದಾಮಿನ ಶಿಸ್ತು. ಲೆಕ್ಕದ ಫಿಫೊ ನೋಡುವುದು ದರಗಳು ಯಾವ ಕ್ರಮದಲ್ಲಿ ಖರ್ಚಿಗೆ ಹೋಗುತ್ತವೆ ಎನ್ನುವುದನ್ನು ಮಾತ್ರ. ಗೋದಾಮಿನವನು ಬಾಗಿಲ ಹತ್ತಿರದ ಹೊಸ ಮೂಟೆಯನ್ನೇ ಕೊಟ್ಟರೂ ಕಂಪ್ಯೂಟರ್ ಹಳೆಯ ದರವನ್ನೇ ಖರ್ಚು ಹಾಕುತ್ತದೆ.

ಎರಡನೆಯದು ವೇಯ್ಟೆಡ್ ಆವರೇಜ್, ತೂಕಕ್ಕೆ ತಕ್ಕ ಸರಾಸರಿ. ಇದರಲ್ಲಿ ಎರಡು ಬಗೆಯುಂಟು. ಈ ಭೇದವನ್ನು ಗಮನಿಸದೆ ಇರುವುದರಿಂದಲೇ ಎರಡು ತಂತ್ರಾಂಶಗಳ ವರದಿ ತಾಳೆಯಾಗದೆ ಜಗಳವಾಗುತ್ತದೆ. ಒಂದು ಬಗೆಯಲ್ಲಿ ತಿಂಗಳ ಕೊನೆಗೆ ಕುಳಿತು ಒಟ್ಟು ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸುತ್ತಾರೆ. 10,80,000ವನ್ನು 3,000ದಿಂದ ಭಾಗಿಸಿದರೆ 360. ಮಾರಿದ ಸರಕಿನ ಅಸಲು 7,20,000, ಉಳಿದ ದಾಸ್ತಾನು 3,60,000, ಲಾಭ 1,80,000.

ಇನ್ನೊಂದು ಬಗೆ ಮೂವಿಂಗ್ ಆವರೇಜ್. ಪ್ರತಿ ಖರೀದಿ ಬಂದ ಕೂಡಲೇ ಸರಾಸರಿ ಬದಲಾಗುತ್ತದೆ. 10ನೇ ತಾರೀಖಿನ ಮಾರಾಟದ ಹೊತ್ತಿಗೆ ಇದ್ದದ್ದು 300ರ ಸರಕು ಮಾತ್ರ, ಹಾಗಾಗಿ ಆ 500 ಕೆ.ಜಿ. 300ರಲ್ಲೇ ಹೋಯಿತು. ಉಳಿದ 500ಕ್ಕೆ 360ರ ಸಾವಿರ ಸೇರಿ 1,500 ಕೆ.ಜಿ.ಗೆ 5,10,000, ಸರಾಸರಿ 340. ಅದಕ್ಕೆ 420ರ ಸಾವಿರ ಸೇರಿ 2,500 ಕೆ.ಜಿ.ಗೆ 9,30,000, ಸರಾಸರಿ 372. 28ರ ಮಾರಾಟ 372ರಲ್ಲಿ ಹೋಯಿತು. ಎರಡೂ ಮಾರಾಟದ ಅಸಲು ಸೇರಿ 7,08,000. ಉಳಿದ ದಾಸ್ತಾನು 3,72,000, ಲಾಭ 1,92,000. ದಿನದಿನವೂ ದಾಸ್ತಾನಿನ ಲೆಡ್ಜರ್ ಬರೆಯುವ ಇಆರ್‌ಪಿಗಳಲ್ಲಿ ಸರಾಸರಿ ಎಂದರೆ ಸಾಮಾನ್ಯವಾಗಿ ಇದೇ. ಮಾರಾಟದ ಗಳಿಗೆಯಲ್ಲೇ ಅದರ ಅಸಲನ್ನು ಖರ್ಚು ಹಾಕಬೇಕಾದ್ದರಿಂದ ತಿಂಗಳ ಕೊನೆಯವರೆಗೆ ಕಾಯಲು ಅದಕ್ಕಾಗುವುದಿಲ್ಲ.

ಮೂರನೆಯದು ಸ್ಟ್ಯಾಂಡರ್ಡ್ ಕಾಸ್ಟ್, ಮುಂಚೆಯೇ ಗೊತ್ತುಮಾಡಿಟ್ಟ ಅಸಲು. ವರ್ಷದ ಆರಂಭದಲ್ಲಿ ನಮ್ಮ ವ್ಯಾಪಾರಿ ಈ ವರ್ಷ ಬೀಜ 340ಕ್ಕೆ ಸಿಕ್ಕೀತು ಎಂದು ಅಂದಾಜಿಸಿ ಆ ದರವನ್ನು ತಂತ್ರಾಂಶದಲ್ಲಿ ಕೂರಿಸಿದರು ಅನ್ನಿ. ಅಲ್ಲಿಂದ ಮುಂದೆ ಎಷ್ಟಕ್ಕೇ ಕೊಳ್ಳಲಿ, ದಾಸ್ತಾನು ಖಾತೆಗೆ ಸೇರುವುದು 340ರಂತೆಯೇ. ವ್ಯತ್ಯಾಸ ಬೇರೊಂದು ಖಾತೆಗೆ ಹೋಗುತ್ತದೆ. ಏಪ್ರಿಲ್ 25ರ ಖರೀದಿಯ ನಮೂದು ನೋಡಿ: ಸರಬರಾಜುದಾರರಿಗೆ ಕೊಡಬೇಕಾದ್ದು 4,20,000; ದಾಸ್ತಾನಿಗೆ ಏರಿದ್ದು 3,40,000; ಮಿಕ್ಕ 80,000 ಖರೀದಿ ದರ ವ್ಯತ್ಯಾಸದ ಖಾತೆಗೆ, ಖರ್ಚಾಗಿ. 15ರ ಖರೀದಿಯಲ್ಲಿ ಇದೇ ರೀತಿ 20,000 ಖರ್ಚು. 5ರ ಖರೀದಿಯಲ್ಲಿ ಮಾತ್ರ ಅಂದಾಜಿಗಿಂತ ಅಗ್ಗವಾಗಿ ಸಿಕ್ಕಿದ್ದರಿಂದ 40,000 ಉಳಿತಾಯ. ನಿವ್ವಳ 60,000 ಖರ್ಚು. ಮಾರಿದ ಸರಕಿನ ಅಸಲು 6,80,000, ಅದಕ್ಕೆ ಈ 60,000 ಸೇರಿದರೆ 7,40,000. ಲಾಭ 1,60,000, ದಾಸ್ತಾನು 3,40,000.

ನಾಲ್ಕನ್ನೂ ಒಟ್ಟಿಗೆ ಇಟ್ಟರೆ ಹೀಗಿರುತ್ತದೆ.

| ಪದ್ಧತಿ | ಖರ್ಚಿಗೆ ಹೋದದ್ದು (ರೂ.) | ಉಳಿದ ದಾಸ್ತಾನು (ರೂ.) | ಏಪ್ರಿಲ್ ಲಾಭ (ರೂ.) |
|---|---|---|---|
| ಫಿಫೊ | 6,60,000 | 4,20,000 | 2,40,000 |
| ಮೂವಿಂಗ್ ಆವರೇಜ್ | 7,08,000 | 3,72,000 | 1,92,000 |
| ತಿಂಗಳ ಸರಾಸರಿ | 7,20,000 | 3,60,000 | 1,80,000 |
| ಸ್ಟ್ಯಾಂಡರ್ಡ್ 340 | 7,40,000 | 3,40,000 | 1,60,000 |

ಮೊದಲೆರಡು ಅಂಕಣಗಳನ್ನು ಯಾವ ಸಾಲಿನಲ್ಲಿ ಕೂಡಿದರೂ 10,80,000 ಬರುತ್ತದೆ. ಮೇ ತಿಂಗಳಲ್ಲಿ ಹೊಸ ಖರೀದಿ ಮಾಡದೆ ಉಳಿದ ಸಾವಿರ ಕೆ.ಜಿ.ಯನ್ನೂ 450ಕ್ಕೇ ಮಾರಿ ಮುಗಿಸಿದರೆ ಫಿಫೊದಲ್ಲಿ ಮೇ ಲಾಭ ಬರೀ 30,000, ಸ್ಟ್ಯಾಂಡರ್ಡಿನಲ್ಲಿ 1,10,000. ಎರಡು ತಿಂಗಳು ಸೇರಿದಾಗ ಎಲ್ಲ ಪದ್ಧತಿಗಳಲ್ಲೂ 2,70,000ವೇ. ಅಂದರೆ ಪದ್ಧತಿ ಲಾಭವನ್ನು ಹುಟ್ಟಿಸುವುದಿಲ್ಲ, ಅದು ಯಾವ ತಿಂಗಳಲ್ಲಿ ಕಾಣಬೇಕು ಎನ್ನುವುದನ್ನು ಮಾತ್ರ ಗೊತ್ತುಮಾಡುತ್ತದೆ. ಆದರೆ ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ, ಅಂದಿನ ಲಾಭದ ಮೇಲೆ ತೆರಿಗೆ ಬೀಳುತ್ತದೆ, ಪಾಲುದಾರರ ಹಂಚಿಕೆ ಅಂದಿನ ಲೆಕ್ಕದ ಮೇಲೇ ಆಗುತ್ತದೆ. ಹಾಗಾಗಿ ಯಾವ ತಿಂಗಳು ಎನ್ನುವುದು ಸಣ್ಣ ಸಂಗತಿಯಲ್ಲ.

ಬ್ಯಾಂಕಿನ ವಿಚಾರವೂ ಇಲ್ಲಿಗೇ ತಗುಲಿಕೊಂಡಿದೆ. ಕ್ಯಾಶ್ ಕ್ರೆಡಿಟ್ ಸಾಲ ಇರುವವರು ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ದಾಸ್ತಾನಿನ ಮೌಲ್ಯದಲ್ಲಿ ಇಷ್ಟು ಭಾಗ ಮಾರ್ಜಿನ್ ಎಂದು ಕಳೆದು, ಉಳಿದಷ್ಟಕ್ಕೆ ಹಣ ತೆಗೆಯುವ ಅವಕಾಶ ಕೊಡುತ್ತಾರೆ. ಮಾರ್ಜಿನ್ ಶೇಕಡಾ 25 ಇದ್ದು, ಸರಬರಾಜುದಾರರ ಬಾಕಿ ಏನೂ ಇಲ್ಲ ಎಂದರೆ ಫಿಫೊ ದಾಸ್ತಾನಿನ ಮೇಲೆ 3,15,000 ಸಿಗುತ್ತದೆ, ಸ್ಟ್ಯಾಂಡರ್ಡ್ ದಾಸ್ತಾನಿನ ಮೇಲೆ 2,55,000. ಅದೇ ಮೂಟೆಗಳು, ಅದೇ ಬೀಗ, ಅರವತ್ತು ಸಾವಿರದ ಅಂತರ.

ಇಷ್ಟೆಲ್ಲ ಹೇಳಿದರೂ ನನಗೆ ಹೆಚ್ಚು ಚಿಂತೆ ಹುಟ್ಟಿಸುವ ವರದಿ ಬೇರೆ: ಗ್ರಾಹಕವಾರು ಲಾಭದ ವರದಿ. 28ನೇ ತಾರೀಖಿನ 1,500 ಕೆ.ಜಿ. ಮಾರಾಟವನ್ನು ಫಿಫೊದಲ್ಲಿ ನೋಡಿ. ಹಳೆಯ 300ರ ಸರಕು 500 ಕೆ.ಜಿ., 360ರದು ಸಾವಿರ ಕೆ.ಜಿ.; ಅಸಲು 5,10,000, ಕೆ.ಜಿ.ಗೆ 340. ಮಾರಿದ್ದು 450ಕ್ಕೆ, ಲಾಭ ಕೆ.ಜಿ.ಗೆ 110 ರೂಪಾಯಿ ಎಂದು ಪರದೆ ತೋರಿಸುತ್ತದೆ. ಮಾರಾಟ ನೋಡಿಕೊಳ್ಳುವ ಹುಡುಗ ಇದನ್ನು ನಂಬಿ, ಮುಂದಿನ ಆರ್ಡರಿಗೆ ನಲವತ್ತು ರೂಪಾಯಿ ಇಳಿಸಿ 410ಕ್ಕೆ ಒಪ್ಪಿಕೊಂಡರೆ? ಆ ಆರ್ಡರಿಗೆ ಬೇಕಾದ ಬೀಜ ಈಗ ಮಾರುಕಟ್ಟೆಯಲ್ಲಿ 420. ವರದಿ ಸುಳ್ಳು ಹೇಳಲಿಲ್ಲ, ಅದು ಹಳೆಯ ಅಸಲಿನ ಕಥೆ ಹೇಳಿತು ಅಷ್ಟೇ. ಬೆಲೆ ಏರುವ ಕಾಲದಲ್ಲಿ ಫಿಫೊದ ಲಾಭ-ನಷ್ಟ ಖಾತೆ ಯಾವಾಗಲೂ ಹಿಂದೆ ಬಿದ್ದಿರುತ್ತದೆ, ಅದರ ಬ್ಯಾಲೆನ್ಸ್ ಶೀಟ್ ಮಾತ್ರ ಇಂದಿನ ಬೆಲೆಗೆ ಹತ್ತಿರವಿರುತ್ತದೆ. ಮೂವಿಂಗ್ ಆವರೇಜಿನಲ್ಲಿ ಅದೇ ಮಾರಾಟಕ್ಕೆ 78 ರೂಪಾಯಿ ಲಾಭ ಕಾಣುತ್ತದೆ, ಅದೂ ಇಂದಿನ ನಿಜಕ್ಕಿಂತ ಹೆಚ್ಚೇ. ಸ್ಟ್ಯಾಂಡರ್ಡಿನಲ್ಲಿ ಮತ್ತೆ 110, ಏಕೆಂದರೆ ಏರಿಕೆಯ ಪೆಟ್ಟೆಲ್ಲ ವ್ಯತ್ಯಾಸದ ಖಾತೆಯಲ್ಲಿ ಒಟ್ಟಾಗಿ ಬಿದ್ದಿದೆ, ಗ್ರಾಹಕರ ತಲೆಗೆ ಹಂಚಿಲ್ಲ. ಮಾರುವ ಬೆಲೆ ಗೊತ್ತುಮಾಡಲು ಮೂರೂ ಸಾಲದು. ಅದಕ್ಕೆ ಇಂದಿನ ಖರೀದಿ ದರದ ಪಟ್ಟಿಯೇ ಬೇಕು. ಅದನ್ನು ದಾಸ್ತಾನು ಮೌಲ್ಯದಿಂದ ಬೇರೆಯಾಗಿ ಇಡಬೇಕು.

ಹಾಗಿದ್ದರೆ, ಅಂದಾಜಿನ ದರ ಇಟ್ಟುಕೊಂಡು ವ್ಯತ್ಯಾಸವನ್ನು ಪಕ್ಕಕ್ಕೆ ತಳ್ಳುವ ಸ್ಟ್ಯಾಂಡರ್ಡ್ ಪದ್ಧತಿಯನ್ನು ಕಾರ್ಖಾನೆಗಳು ಏಕೆ ಇಷ್ಟಪಡುತ್ತವೆ? ನಮ್ಮ ವ್ಯಾಪಾರಿ ಬೀಜ ಹುರಿಯುವ ಯಂತ್ರವನ್ನೂ ಹಾಕಿದರು ಅನ್ನಿ. ಹುರಿದಾಗ ತೇವಾಂಶ ಹೋಗಿ ತೂಕ ಇಳಿಯುತ್ತದೆ. 100 ಕೆ.ಜಿ. ಹಸಿ ಬೀಜಕ್ಕೆ 85 ಕೆ.ಜಿ. ಹುರಿದ ಬೀಜ ಬರಬೇಕು ಎಂಬುದು ಅವರ ಮಟ್ಟ. 340ರ ದರದಲ್ಲಿ ನೂರು ಕೆ.ಜಿ.ಗೆ 34,000, ಅದನ್ನು 85ರಿಂದ ಭಾಗಿಸಿದರೆ ಹುರಿದ ಬೀಜದ ಕಚ್ಚಾ ಸಾಮಗ್ರಿಯ ಅಸಲು ಕೆ.ಜಿ.ಗೆ ಸರಿಯಾಗಿ 400. ಒಂದು ದಿನ ನೂರು ಕೆ.ಜಿ. ಹಾಕಿದಾಗ 83 ಕೆ.ಜಿ. ಮಾತ್ರ ಬಂತು. ಎರಡು ಕೆ.ಜಿ. ಕೊರತೆ, 800 ರೂಪಾಯಿ, ಇಳುವರಿ ವ್ಯತ್ಯಾಸ ಎಂದು ಅದೇ ಸಂಜೆ ವರದಿಯಲ್ಲಿ ಬರುತ್ತದೆ. ಬೀಜದ ಮಾರುಕಟ್ಟೆ ದರ ಅಂದು 300 ಇತ್ತೋ 420 ಇತ್ತೋ, ಈ 800ಕ್ಕೆ ಸಂಬಂಧವಿಲ್ಲ. ಉರಿ ಹೆಚ್ಚಾಯಿತೇ, ಬೀಜ ಹಸಿಯಿತ್ತೇ ಎಂದು ಹುರಿಯುವ ಮೇಸ್ತ್ರಿಯನ್ನು ಕೇಳಬಹುದು. ಖರೀದಿ ದರದ 60,000ಕ್ಕೆ ಉತ್ತರ ಹೇಳಬೇಕಾದವರು ಖರೀದಿ ವಿಭಾಗದವರು. ಫಿಫೊ ಅಥವಾ ಸರಾಸರಿಯಲ್ಲಿ ಇವೆರಡೂ ಒಂದರೊಳಗೊಂದು ಬೆರೆತು, ಈ ಸಲದ ಕಾಫಿ ಪುಡಿ ದುಬಾರಿಯಾಯಿತು ಎಂಬ ಒಂದೇ ಮಾತಾಗಿ ಹೊರಬರುತ್ತವೆ. ಯಾರ ಕೈಯಲ್ಲಿ ಎಷ್ಟು ಹೋಯಿತು ಎಂಬುದು ಕಾಣುವುದಿಲ್ಲ. ಈ ಒಂದು ಗುಣಕ್ಕಾಗಿ ತಯಾರಿಕಾ ಘಟಕಗಳಿಗೆ ಸ್ಟ್ಯಾಂಡರ್ಡ್ ಕಾಸ್ಟೇ ಒಳ್ಳೆಯದೆಂದು ನಾನು ನಂಬಿದ್ದೇನೆ.

ಆದರೆ ಆ 340 ಅನ್ನು ಹಾಗೇ ಬಿಟ್ಟು ವರ್ಷದ ಲೆಕ್ಕ ಮುಗಿಸುವಂತಿಲ್ಲ. ನಮ್ಮ ದೇಶದ ಲೆಕ್ಕ ಮಾನದಂಡ ಎಎಸ್ 2, ಅದರಂತೆ ದೊಡ್ಡ ಕಂಪನಿಗಳಿಗಿರುವ ಇಂಡ್ ಎಎಸ್ 2, ಒಂದರ ಬದಲು ಇನ್ನೊಂದು ಬಳಸಬಹುದಾದ ಸರಕಿಗೆ ಫಿಫೊ ಮತ್ತು ವೇಯ್ಟೆಡ್ ಆವರೇಜ್ ಎರಡನ್ನೇ ಒಪ್ಪುತ್ತವೆ. ಸ್ಟ್ಯಾಂಡರ್ಡ್ ಕಾಸ್ಟನ್ನು ಅನುಕೂಲಕ್ಕಾಗಿ ಬಳಸಬಹುದು, ಆದರೆ ಫಲಿತಾಂಶ ನಿಜವಾದ ಅಸಲಿಗೆ ಹತ್ತಿರವಿರಬೇಕು, ದರಗಳನ್ನು ಆಗಾಗ ಪರಿಶೀಲಿಸಬೇಕು ಎಂಬುದು ಷರತ್ತು. ಕೊನೆಗೆ ಬಂದದ್ದು ಮೊದಲು ಹೋಯಿತೆನ್ನುವ ಲೈಫೊ ಪದ್ಧತಿಗೆ ಇಲ್ಲಿ ಜಾಗವಿಲ್ಲ. ಅಂತರರಾಷ್ಟ್ರೀಯ ಮಾನದಂಡವೂ 2003ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಕೆಲವು ತಂತ್ರಾಂಶಗಳ ಪಟ್ಟಿಯಲ್ಲಿ ಲೈಫೊ ಕಾಣುತ್ತದೆಂದು ಅದನ್ನು ಆರಿಸಿಕೊಂಡರೆ ಆಡಿಟರ್ ಒಪ್ಪುವುದಿಲ್ಲ.

ನಿಜವಾದ ಅಸಲಿಗೆ ಹತ್ತಿರ ತರುವುದು ಹೇಗೆ? 60,000 ರೂಪಾಯಿ ವ್ಯತ್ಯಾಸ ಹುಟ್ಟಿದ್ದು 3,000 ಕೆ.ಜಿ. ಖರೀದಿಯಿಂದ, ಕೆ.ಜಿ.ಗೆ 20ರಂತೆ. ಅದರಲ್ಲಿ 2,000 ಕೆ.ಜಿ. ಮಾರಿದೆ, 1,000 ಕೆ.ಜಿ. ಗೋದಾಮಿನಲ್ಲಿದೆ. ಹಾಗಾಗಿ 40,000 ಖರ್ಚಿನಲ್ಲೇ ಇರಲಿ, 20,000ವನ್ನು ದಾಸ್ತಾನಿಗೆ ವರ್ಗಾಯಿಸಬೇಕು. ಆಗ ದಾಸ್ತಾನು 3,60,000, ಲಾಭ 1,80,000. ಮೇಲಿನ ಪಟ್ಟಿಯಲ್ಲಿ ತಿಂಗಳ ಸರಾಸರಿಯ ಸಾಲನ್ನು ಇನ್ನೊಮ್ಮೆ ನೋಡಿ: ಅದೇ ಅಂಕಿಗಳು. ವ್ಯತ್ಯಾಸವನ್ನು ಸರಿಯಾಗಿ ಹಂಚಿದರೆ ಸ್ಟ್ಯಾಂಡರ್ಡ್ ಕಾಸ್ಟ್ ಕೊನೆಗೆ ಸರಾಸರಿಗೇ ಬಂದು ನಿಲ್ಲುತ್ತದೆ. ಎಸ್‌ಎಪಿ ಬಳಸುವ ದೊಡ್ಡ ಕಾರ್ಖಾನೆಗಳಲ್ಲಿ ಮೆಟೀರಿಯಲ್ ಲೆಡ್ಜರ್ ಎಂಬ ಭಾಗ ತಿಂಗಳ ಕೊನೆಗೆ ಮಾಡುವ ಕೆಲಸ ಬಹುಮಟ್ಟಿಗೆ ಇದೇ. ಸಣ್ಣ ಘಟಕಗಳಲ್ಲಿ ಲೆಕ್ಕಿಗರು ಇದನ್ನು ಜರ್ನಲ್ ವೋಚರಿನಲ್ಲಿ ಕೈಯಾರೆ ಮಾಡುತ್ತಾರೆ. ಮಾಡದೆ ಬಿಡುವವರೇ ಹೆಚ್ಚು, ಆಗ ಬ್ಯಾಲೆನ್ಸ್ ಶೀಟಿನ ದಾಸ್ತಾನು ಮಾರ್ಚ್‌ನಲ್ಲೂ ಹಿಂದಿನ ಏಪ್ರಿಲ್‌ನ ಅಂದಾಜಿನಲ್ಲೇ ನಿಂತಿರುತ್ತದೆ.

ಇದಕ್ಕಿಂತ ಅಪಾಯದ್ದು ಸ್ಟ್ಯಾಂಡರ್ಡ್ ದರವನ್ನು ಏಕಾಏಕಿ ಬದಲಿಸುವುದು. ಮಾರುಕಟ್ಟೆ 420 ಆಗಿದೆಯೆಂದು ದರವನ್ನು 340ರಿಂದ 420ಕ್ಕೆ ಏರಿಸಿದರೆ, ಗೋದಾಮಿನ ಸಾವಿರ ಕೆ.ಜಿ.ಯ ಮೌಲ್ಯ ಆ ಕ್ಷಣವೇ 80,000 ಹೆಚ್ಚಿ, ಅಷ್ಟೇ ಮೊತ್ತ ಮರುಮೌಲ್ಯದ ಲಾಭವಾಗಿ ಖಾತೆಗೆ ಬರುತ್ತದೆ. ಒಂದು ಕಾಳೂ ಮಾರಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಇಂಥ ನಮೂದು ಕಂಡರೆ ಯಾರು, ಯಾವ ಆಧಾರದ ಮೇಲೆ ಬದಲಿಸಿದರು ಎಂದು ಕೇಳಲೇಬೇಕು.

ಈಗ ತಂತ್ರಾಂಶಗಳ ಒಳಕ್ಕೆ ಸ್ವಲ್ಪ ಇಣುಕೋಣ. ಎಸ್‌ಎಪಿಯಲ್ಲಿ ಪ್ರತಿ ಸಾಮಗ್ರಿಯ ಲೆಕ್ಕದ ಪುಟದಲ್ಲಿ Price Control ಎಂಬ ಕಿಂಡಿಯಿದೆ. S ಎಂದಿದ್ದರೆ ಸ್ಟ್ಯಾಂಡರ್ಡ್, V ಎಂದಿದ್ದರೆ ಮೂವಿಂಗ್ ಆವರೇಜ್. ಓಡೂದಲ್ಲಿ ಸರಕಿನ ವರ್ಗಕ್ಕೆ Costing Method ಆರಿಸಬೇಕು. ಇಆರ್‌ಪಿನೆಕ್ಸ್ಟ್‌ನಲ್ಲಿ Valuation Method. ನಮ್ಮ ಅಂಗಡಿ, ಕಾರ್ಖಾನೆಗಳಲ್ಲಿ ಹೆಚ್ಚು ಕಾಣುವ, ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಸರಕಿನ ಮಾಸ್ಟರಿನಲ್ಲಿ Costing Method ಇದೆ. ಟ್ಯಾಲಿಯ ರೀತಿ ಕೊಂಚ ಬೇರೆ. ಎಸ್‌ಎಪಿಯಂಥವು ಪ್ರತಿ ಮಾರಾಟದ ಹೊತ್ತಿಗೇ ಅಸಲಿನ ನಮೂದನ್ನು ಲೆಡ್ಜರಿಗೆ ಹಾಕುತ್ತವೆ. ಟ್ಯಾಲಿಯಲ್ಲಿ ಅಕೌಂಟನ್ನೂ ದಾಸ್ತಾನನ್ನೂ ಜೋಡಿಸಿದ್ದರೆ, ವರದಿ ತೆರೆದಾಗ ಆಯ್ದ ಪದ್ಧತಿಯಂತೆ ಕೊನೆಯ ದಾಸ್ತಾನಿನ ಮೌಲ್ಯ ಲೆಕ್ಕವಾಗಿ ಲಾಭ-ನಷ್ಟ ಖಾತೆಗೆ ಬರುತ್ತದೆ. ಹಾಗಾಗಿ ಯಾರೋ ಮಾಸ್ಟರಿನಲ್ಲಿ ಪದ್ಧತಿಯನ್ನು ಬದಲಿಸಿದರೆ ಹಿಂದಿನ ತಿಂಗಳುಗಳ ಲಾಭವೂ ಬದಲಾಗಿ ಕಾಣುತ್ತದೆ. ಕಳೆದ ತಿಂಗಳು ಪ್ರಿಂಟ್ ತೆಗೆದಿಟ್ಟ ವರದಿಗೂ ಇಂದಿನ ಪರದೆಗೂ ತಾಳೆಯಾಗದಿದ್ದರೆ ಮೊದಲು ನೋಡಬೇಕಾದ ಜಾಗ ಅದು.

ಎಲ್ಲ ತಂತ್ರಾಂಶಗಳಲ್ಲೂ ಲೆಕ್ಕವನ್ನು ಕೆಡಿಸುವುದರಲ್ಲಿ ಮೊದಲನೆಯದು ಮೈನಸ್ ದಾಸ್ತಾನು. ಸರಕು ಬಂದಿದೆ, ಆದರೆ ಒಳಬಂದ ನಮೂದು ಮಾಡಿಲ್ಲ. ಗ್ರಾಹಕ ಕಾಯುತ್ತಿದ್ದಾನೆಂದು ಬಿಲ್ ಮಾಡಿಬಿಡುತ್ತಾರೆ. ದಾಸ್ತಾನು ಸೊನ್ನೆಯಿದ್ದಾಗ 100 ಕೆ.ಜಿ. ಮಾರಿದರೆಂದು ಇಟ್ಟುಕೊಳ್ಳಿ. ತಂತ್ರಾಂಶ ಕೊನೆಗೆ ಗೊತ್ತಿದ್ದ 300ರ ದರ ಹಿಡಿದು ಮೈನಸ್ 100 ಕೆ.ಜಿ., ಮೈನಸ್ 30,000 ಎಂದು ಬರೆಯುತ್ತದೆ. ಮರುದಿನ ನಿಜವಾದ ಖರೀದಿ ನಮೂದಾಗುತ್ತದೆ: 110 ಕೆ.ಜಿ., 420ರ ದರ, 46,200 ರೂಪಾಯಿ. ಈಗ ಬರೀ ಕೂಡಿ ಕಳೆದರೆ ಉಳಿದದ್ದು 10 ಕೆ.ಜಿ., ಅದರ ಮೌಲ್ಯ 16,200. ಕೆ.ಜಿ.ಗೆ 1,620 ರೂಪಾಯಿ! ಮುಂದೆ ಆ ಹತ್ತು ಕೆ.ಜಿ. ಮಾರಿದ ಗ್ರಾಹಕನ ಮೇಲೆ ಭಾರಿ ನಷ್ಟ ಕಾಣುತ್ತದೆ, ಮೊದಲ ಗ್ರಾಹಕನ ಮೇಲೆ ಇಲ್ಲದ ಲಾಭ ಕಾಣುತ್ತದೆ. ಕೆಲವು ತಂತ್ರಾಂಶಗಳು ಆ ವ್ಯತ್ಯಾಸವನ್ನು ಬೇರೆ ಖಾತೆಗೆ ಕಳಿಸಿ ದರವನ್ನು ಕಾಪಾಡುತ್ತವೆ, ಆದರೂ ಮೊದಲ ಮಾರಾಟದ ಲಾಭ ತಪ್ಪಾಗಿಯೇ ಉಳಿಯಬಹುದು. ಮೈನಸ್ ಬಿಡುವುದೋ ಬೇಡವೋ ಎಂಬ ಆಯ್ಕೆ ಹೆಚ್ಚಿನ ತಂತ್ರಾಂಶಗಳಲ್ಲಿದೆ. ಬೇಡ ಎಂದು ಮುಚ್ಚಿದರೆ ಕೌಂಟರಿನಲ್ಲಿ ಗೊಣಗಾಟವಾಗುತ್ತದೆ ನಿಜ. ಆ ಗೊಣಗಾಟವನ್ನು ಸಹಿಸಿಕೊಳ್ಳುವುದೇ ಮೇಲು.

ಇದನ್ನು ಪತ್ತೆಹಚ್ಚಲು ದೊಡ್ಡ ವಿದ್ಯೆ ಬೇಡ. ದಾಸ್ತಾನು ಮೌಲ್ಯದ ವರದಿಯನ್ನು ಎಕ್ಸೆಲ್‌ಗೆ ಇಳಿಸಿ, ಮೌಲ್ಯವನ್ನು ತೂಕದಿಂದ ಭಾಗಿಸಿ, ಬಂದ ದರವನ್ನು ಆ ವರ್ಷದ ಅತಿ ಕಡಿಮೆ ಮತ್ತು ಅತಿ ಹೆಚ್ಚು ಖರೀದಿ ದರದ ಪಕ್ಕದಲ್ಲಿಟ್ಟು ನೋಡಬೇಕು. ಸರಾಸರಿ ಎಂದಮೇಲೆ ಅದು ಆ ಎರಡರ ನಡುವೆಯೇ ಇರಬೇಕು. ಹೊರಗೆ ಬಿದ್ದದ್ದೆಲ್ಲ ತನಿಖೆಗೆ. ಹಾಗೆಯೇ ತೂಕ ಸೊನ್ನೆಯಿದ್ದು ಮೌಲ್ಯ ಉಳಿದಿರುವ ಸಾಲುಗಳು. ಇಲ್ಲದ ಸರಕಿಗೆ ಬೆಲೆ ಇರಲು ಸಾಧ್ಯವಿಲ್ಲ.

ಎರಡನೆಯ ಕಾಟ ತಡವಾಗಿ ಬರುವ ಖರ್ಚು. ಲಾರಿ ಬಾಡಿಗೆಯೂ ಸರಕಿನ ಅಸಲಿನ ಭಾಗವೇ. ವಾಪಸು ಸಿಗುವ ಜಿಎಸ್‌ಟಿ ಮಾತ್ರ ಅಸಲಿಗೆ ಸೇರದು. 25ನೇ ತಾರೀಖಿನ ಸರಕಿನ ಬಾಡಿಗೆ ಬಿಲ್ 10,000 ರೂಪಾಯಿ ಮೇ 2ಕ್ಕೆ ಬಂತು ಅನ್ನಿ. ಫಿಫೊದಲ್ಲಿ ಆ ಕಂತು ಪೂರ್ತಿ ಗೋದಾಮಿನಲ್ಲೇ ಇದೆ, ಹತ್ತು ಸಾವಿರವೂ ಅದಕ್ಕೇ ಸೇರುತ್ತದೆ, ಸರಿಯಾಗಿಯೇ. ಮೂವಿಂಗ್ ಆವರೇಜಿನಲ್ಲಿ ಹಾಗಲ್ಲ. ಆ ಕಂತು 2,500 ಕೆ.ಜಿ. ರಾಶಿಯಲ್ಲಿ ಬೆರೆತು, ಅದರಲ್ಲಿ 1,500 ಕೆ.ಜಿ. ಮಾರಿಹೋಗಿದೆ. ನ್ಯಾಯವಾಗಿ 6,000 ಮಾರಿದ ಸರಕಿಗೆ, 4,000 ಉಳಿದದ್ದಕ್ಕೆ ಸೇರಬೇಕು. ಆದರೆ ಎಸ್‌ಎಪಿಯ ಮೂವಿಂಗ್ ಆವರೇಜ್ ನೋಡುವುದು ಈಗ ಎಷ್ಟು ಸರಕಿದೆ ಎಂಬುದನ್ನು ಮಾತ್ರ. ಸಾವಿರ ಕೆ.ಜಿ.ಯ ಬಿಲ್ಲು, ಸಾವಿರ ಕೆ.ಜಿ. ಇದೆ, ಹಾಗಾಗಿ ಪೂರ್ತಿ 10,000 ದಾಸ್ತಾನಿಗೇ ಏರಿ ದರ 372ರಿಂದ 382 ಆಗುತ್ತದೆ. ಅಷ್ಟರಲ್ಲಿ 400 ಕೆ.ಜಿ. ಮಾತ್ರ ಉಳಿದಿದ್ದರೆ 4,000 ದಾಸ್ತಾನಿಗೆ, 6,000 ದರ ವ್ಯತ್ಯಾಸದ ಖಾತೆಗೆ ಹೋಗುತ್ತಿತ್ತು. ಬಾಡಿಗೆಯನ್ನು ಸರಕು ಇಳಿಸಿಕೊಳ್ಳುವಾಗಲೇ ಅಂದಾಜು ಹಾಕಿ ಸೇರಿಸುವುದು ಇದಕ್ಕೆ ಮದ್ದು.

ಹಿಂದಿನ ತಾರೀಖಿಗೆ ಹಾಕುವ ವೋಚರೂ ಇದೇ ಜಾತಿಯದು. 12ನೇ ತಾರೀಖಿನ ಮರೆತ ಖರೀದಿಯನ್ನು 30ಕ್ಕೆ ನಮೂದಿಸಿದರೆ ಫಿಫೊದ ಪದರಗಳ ಕ್ರಮವೇ ಬದಲಾಗಬೇಕು, ಆಮೇಲಿನ ಪ್ರತಿ ಮಾರಾಟದ ಅಸಲೂ ಬದಲಾಗಬೇಕು. ಇಆರ್‌ಪಿನೆಕ್ಸ್ಟ್‌ನಂಥವು ಹಿಂದಕ್ಕೆ ಹೋಗಿ ಎಲ್ಲವನ್ನೂ ಮತ್ತೆ ಲೆಕ್ಕ ಹಾಕುತ್ತವೆ. ಎಸ್‌ಎಪಿಯ ಮೂವಿಂಗ್ ಆವರೇಜ್ ಹಿಂದಕ್ಕೆ ಹೋಗುವುದಿಲ್ಲ, ಇಂದಿನ ದರವನ್ನಷ್ಟೇ ಬದಲಿಸುತ್ತದೆ. ಮುಗಿದ ತಿಂಗಳಿಗೆ ಬೀಗ ಹಾಕದಿದ್ದರೆ ಬ್ಯಾಂಕಿಗೆ ಕೊಟ್ಟ ಅಂಕಿಯೂ ಪುಸ್ತಕದ ಅಂಕಿಯೂ ಬೇರೆಬೇರೆಯಾಗುತ್ತವೆ.

ಬೆಲೆ ಇಳಿಯುವ ಕಾಲದ ಬಗ್ಗೆಯೂ ಒಂದು ಮಾತು. ಅಸಲು ಮತ್ತು ಮಾರಿದರೆ ಕೈಗೆ ಬರುವ ನಿವ್ವಳ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಆ ಬೆಲೆಯಲ್ಲೇ ದಾಸ್ತಾನನ್ನು ತೋರಿಸಬೇಕು ಎಂಬುದು ನಿಯಮ. ಏಪ್ರಿಲ್ 30ಕ್ಕೆ ಕಾಫಿ ಕುಸಿದು, ಮಾರಾಟದ ಖರ್ಚು ಕಳೆದು ಕೆ.ಜಿ.ಗೆ 390 ಮಾತ್ರ ಸಿಗುವಂತಾದರೆ, ಫಿಫೊದ 420ರ ದಾಸ್ತಾನಿನಿಂದ 30,000 ತಗ್ಗಿಸಬೇಕು. ಮೂವಿಂಗ್ ಆವರೇಜಿನ 372ಕ್ಕೆ ಏನೂ ಮಾಡಬೇಕಿಲ್ಲ. ಏರಿಕೆಯಲ್ಲಿ ಹೆಚ್ಚು ಲಾಭ ತೋರಿಸಿದ ಫಿಫೊ, ಇಳಿಕೆಯ ಪೆಟ್ಟನ್ನೂ ಮೊದಲು ತಿನ್ನುತ್ತದೆ. ಈ ತಗ್ಗಿಸುವ ಕೆಲಸವನ್ನು ತಂತ್ರಾಂಶ ತಾನಾಗಿ ಮಾಡುತ್ತದೆಂದು ನಂಬಿ ಕೂರಬಾರದು. ಅದಕ್ಕೆ ಗೊತ್ತಿರುವುದು ಖರೀದಿಯ ಬಿಲ್ಲು, ನಾಳೆಯ ಮಾರುಕಟ್ಟೆಯಲ್ಲ. ವರ್ಷದ ಕೊನೆಗೆ ಲೆಕ್ಕಿಗರು ಮಾರುಕಟ್ಟೆ ದರ ತರಿಸಿ, ಸರಕು ಸರಕಾಗಿ ಹೋಲಿಸಿ, ಕೈಯಾರೆ ನಮೂದು ಹಾಕಬೇಕು.

ಯಾವುದನ್ನು ಆರಿಸಬೇಕು ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಹೀಗಿದೆ. ಬೀಜ, ಬೇಳೆ, ತಾಮ್ರದ ತಂತಿಯಂತೆ ರಾಶಿಯಲ್ಲಿ ಬೆರೆತುಹೋಗುವ, ದರ ದಿನಕ್ಕೊಂದಾಗುವ ಸರಕಿಗೆ ಮೂವಿಂಗ್ ಆವರೇಜ್ ಹೊಂದುತ್ತದೆ, ನಮೂದುಗಳು ತಾರೀಖಿನಂತೆ ಶಿಸ್ತಾಗಿ ಬೀಳುವ ಕಡೆ ಮಾತ್ರ. ಬ್ಯಾಚ್ ಸಂಖ್ಯೆ ಇಟ್ಟು ಕಂತು ಕಂತಾಗಿ ಮಾರುವ ಔಷಧಿ, ಬಿತ್ತನೆ ಬೀಜದಂಥವಕ್ಕೆ ಫಿಫೊ. ಒಂದೇ ಸೂತ್ರದಲ್ಲಿ ದಿನವೂ ತಯಾರಿಸುವ ಕಾರ್ಖಾನೆಗೆ ಸ್ಟ್ಯಾಂಡರ್ಡ್, ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುವ ಮತ್ತು ವ್ಯತ್ಯಾಸ ಹಂಚುವ ವ್ಯವಧಾನ ಇದ್ದರೆ. ಒಮ್ಮೆ ಆರಿಸಿದ ಮೇಲೆ ಲಾಭ ಕಡಿಮೆ ಕಂಡಿತೆಂದು ಪದ್ಧತಿ ಬದಲಿಸುವಂತಿಲ್ಲ. ಆದಾಯ ತೆರಿಗೆಗೆ ಸಂಬಂಧಿಸಿದ ಐಸಿಡಿಎಸ್ 2 ಸಕಾರಣವಿಲ್ಲದ ಬದಲಾವಣೆಯನ್ನು ಒಪ್ಪುವುದಿಲ್ಲ. ಲೆಕ್ಕ ಮಾನದಂಡದ ಪ್ರಕಾರ ಬದಲಿಸಿದ್ದೇ ಆದರೆ ಅದರಿಂದ ಲಾಭ ಎಷ್ಟು ಹೆಚ್ಚುಕಡಿಮೆಯಾಯಿತು ಎಂಬುದನ್ನು ಹಣಕಾಸು ಪತ್ರಗಳ ಟಿಪ್ಪಣಿಯಲ್ಲಿ ಬರೆಯಬೇಕು. ಯಾವ ಕಂಪನಿಯ ವಾರ್ಷಿಕ ವರದಿ ಕೈಗೆ ಸಿಕ್ಕರೂ ಲೆಕ್ಕ ನೀತಿಗಳ ಭಾಗದಲ್ಲಿ ದಾಸ್ತಾನಿನ ಪ್ಯಾರಾವನ್ನು ಹುಡುಕಿ ಓದಿ. ಯಾವ ಪದ್ಧತಿ ಎಂಬುದು ಅಲ್ಲಿರುತ್ತದೆ. ಕಳೆದ ವರ್ಷದ ವರದಿಯಲ್ಲಿ ಅದೇ ಪ್ಯಾರಾ ಬೇರೆ ಇದ್ದರೆ, ಈ ವರ್ಷದ ಲಾಭದಲ್ಲಿ ವ್ಯಾಪಾರದ್ದೆಷ್ಟು, ಪದ್ಧತಿ ಬದಲಿಸಿದ್ದರಿಂದ ಬಂದದ್ದೆಷ್ಟು ಎಂಬುದಕ್ಕೆ ಆ ಟಿಪ್ಪಣಿಯೇ ಉತ್ತರ ಕೊಡಬೇಕು.